ಸೇತುವೆ ಬಾಯಲ್ಲಿ ಕುಸಿಯುತ್ತಿದ್ದ ರಸ್ತೆ: ಕುಮಟಾ ಕಡೆಯ ಒಂದು ರಿಪೇರಿ ದಿನಚರಿ

ಕುಮಟಾ ತಾಲೂಕಿನಲ್ಲಿ ಅಘನಾಶಿನಿಗೆ ಸೇರುವ ಒಂದು ಉಪ್ಪುನೀರಿನ ಹಳ್ಳ. ಅದರ ಮೇಲೆ ಒಂದೇ ಅಂಕಣದ ಸಣ್ಣ ಸೇತುವೆ. ಎರಡೂ ಕಡೆ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆ, ನಡುವೆ ಮಣ್ಣು ತುಂಬಿ ಎತ್ತರಿಸಿದ ರಸ್ತೆ. ಸೇತುವೆಗೆ 14 ವರ್ಷ. ಮೇಲಿನ ಸ್ಲಾಬಿಗೆ ಏನೂ ಆಗಿಲ್ಲ. ಆದರೆ ಪೂರ್ವದ ಕಡೆಯಿಂದ ಸೇತುವೆ ಹತ್ತುವಾಗ ಗಾಡಿ ಒಮ್ಮೆ ಕೆಳಗೆ ಇಳಿದು ಧಡ್ ಅಂತ ಮೇಲೆ ಜಿಗಿಯುತ್ತದೆ. ಊರಿನವರು ಅದಕ್ಕೆ ‘ಸೇತುವೆ ಜಂಪ್’ ಅನ್ನುತ್ತಾರೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಾಲೇಜಿಗೆ ಹೋಗುವ ಹುಡುಗರಿಗೆ ಆ ಜಾಗ ಕಣ್ಣು ಮುಚ್ಚಿದರೂ ಗೊತ್ತು.

ಪ್ರತಿ ವರ್ಷ ಅಲ್ಲಿಗೆ ಡಾಂಬರು ಹಾಕುತ್ತಾರೆ. ಮುಂದಿನ ದೀಪಾವಳಿಯೊಳಗೆ ಮತ್ತೆ ಇಳಿದಿರುತ್ತದೆ. ಈ ಸಲ ರಿಪೇರಿ ನಮ್ಮ ಕೈಗೆ ಬಂತು. ಡಾಂಬರು ಹಾಕುವ ಮೊದಲು ಮಣ್ಣು ಎಲ್ಲಿಗೆ ಹೋಗುತ್ತಿದೆ ಅಂತ ಕಂಡುಹಿಡಿಯಲೇಬೇಕು ಅಂತ ನಾನು ಹಟ ಹಿಡಿದೆ. ಅದಕ್ಕೆ ಒಂದು ಇಡೀ ವರ್ಷ ಅಳತೆ ತೆಗೆದುಕೊಂಡೆವು.

ಮೊದಲು ಅಳತೆ

ಸೇತುವೆಯ ತುದಿಯಲ್ಲಿ ಮಣ್ಣು ತಡೆದು ನಿಲ್ಲಿಸುವ ಗೋಡೆಗೆ ಅಬಟ್ಮೆಂಟ್ ಅನ್ನುತ್ತೇವೆ. ಇಲ್ಲಿನ ಅಬಟ್ಮೆಂಟ್ ಪೈಲ್ ಮೇಲೆ, ಅಂದರೆ ನೆಲದೊಳಗೆ ಇಳಿಸಿದ ಕಂಬಗಳ ಮೇಲೆ ನಿಂತಿದೆ, ಪೈಲ್ ಬಂಡೆವರೆಗೆ ಇಳಿದಿದೆ. ಹಾಗಾಗಿ ಅದು ಕದಲುವುದಿಲ್ಲ. ಅದರ ಬೆನ್ನಿಗಿರುವ 3.2 ಮೀಟರ್ ಎತ್ತರದ ಮಣ್ಣು ಮಾತ್ರ ಕೆಳಗೆ ಹೋಗುತ್ತದೆ. ಜಂಪ್ ಹುಟ್ಟುವುದೇ ಇವೆರಡರ ನಡುವೆ.

ಆದರೆ ಮಣ್ಣು ಕೆಳಗೆ ಹೋಗಲು ಬೇರೆ ಬೇರೆ ದಾರಿಗಳಿವೆ. ರಸ್ತೆಯ ಅಡಿಯಲ್ಲಿರುವ ಮೆತ್ತನೆ ಜೇಡಿ ಭಾರಕ್ಕೆ ಒತ್ತಿಕೊಂಡು ನೀರು ಬಿಟ್ಟು ಕುಗ್ಗಬಹುದು. ತುಂಬಿದ ಮಣ್ಣನ್ನೇ ಆಗ ಸರಿಯಾಗಿ ದಮ್ಮಸು ಮಾಡದೆ ಬಿಟ್ಟಿರಬಹುದು. ಅಥವಾ ಮಣ್ಣು ಎಲ್ಲಿಂದಲೋ ಹೊರಗೆ ಸೋರಿ ಹೋಗುತ್ತಿರಬಹುದು. ಮೇಲಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ಒಂದೊಂದಕ್ಕೆ ಒಂದೊಂದು.

ಹಿಂದಿನ ವರ್ಷ ಮೇ ತಿಂಗಳಲ್ಲಿ ಡಾಂಬರಿಗೆ ಮೊಳೆ ಹೊಡೆದು ಸುತ್ತ ಬಿಳಿ ಬಣ್ಣ ಬಳಿದೆವು. ಗೋಡೆಯಿಂದ 1, 2, 3, 5, 8, 12 ಮತ್ತು 20 ಮೀಟರ್ ದೂರದಲ್ಲಿ ಒಂದೊಂದು ಮೊಳೆ. 60 ಮೀಟರ್ ಆಚೆ ಇದ್ದ ಬಂಡೆಯ ಮೇಲೆ ಒಂದು ಗುರುತು ಮಾಡಿ ಅದನ್ನೇ ಬೆಂಚ್‌ಮಾರ್ಕ್ ಮಾಡಿಕೊಂಡೆ. ಬೆಂಚ್‌ಮಾರ್ಕನ್ನು ತುಂಬಿದ ಮಣ್ಣಿನ ಮೇಲೆ ಇಟ್ಟರೆ ಅದೂ ಜೊತೆಗೇ ಇಳಿಯುತ್ತದೆ, ಅಳತೆಯೆಲ್ಲ ಸುಳ್ಳಾಗುತ್ತದೆ.

ಲೆವೆಲ್ ಯಂತ್ರ ಇಟ್ಟು ನೋಡಿದಾಗ ರಸ್ತೆ ಇರಬೇಕಾದ ಮಟ್ಟಕ್ಕಿಂತ ಗೋಡೆಯಿಂದ 1 ಮೀಟರಿನಲ್ಲಿ 62 ಮಿ.ಮೀ ಕೆಳಗಿತ್ತು. 2 ಮೀಟರಿನಲ್ಲಿ 85. ಆಮೇಲೆ ಏರುತ್ತಾ ಬಂದು 5 ಮೀಟರಿನಲ್ಲಿ 30, 12 ಮೀಟರಿನಲ್ಲಿ ಬರೀ 9. ಅಂದರೆ ಇದು ಉದ್ದಕ್ಕೆ ಹರಡಿದ ತಗ್ಗಲ್ಲ. ಗೋಡೆಗೆ ಅಂಟಿಕೊಂಡ ಬೋಗುಣಿ. ಅಡಿಯ ಜೇಡಿ ಕುಗ್ಗಿದ್ದರೆ ತಗ್ಗು ಹದಿನೈದು ಇಪ್ಪತ್ತು ಮೀಟರ್ ಉದ್ದಕ್ಕೆ ನಿಧಾನವಾಗಿ ಇಳಿದಿರುತ್ತಿತ್ತು.

ಗಾಡಿಯಲ್ಲಿ ಕೂತವರಿಗೆ ತೊಂದರೆ ಆಗಬಾರದು ಅಂದರೆ ಇಳಿಜಾರಿನ ಬದಲಾವಣೆ 200ಕ್ಕೆ 1ರ ಒಳಗೆ ಇರಬೇಕು ಅನ್ನುವುದು ನಾವು ಇಟ್ಟುಕೊಳ್ಳುವ ಅಂದಾಜು. ಅಂದರೆ ಒಂದು ಮೀಟರಿಗೆ 5 ಮಿ.ಮೀ. ಇಲ್ಲಿ ಮೊದಲ ಮೀಟರಿನಲ್ಲೇ 62. 16ಕ್ಕೆ 1. ಬಸ್ಸು ಜಿಗಿಯದೆ ಇನ್ನೇನು ಮಾಡೀತು?

ಅದೇ ಮೊಳೆಗಳನ್ನು ಅಕ್ಟೋಬರಿನಲ್ಲಿ ಮತ್ತೆ ನೋಡಿದೆ. ಮಳೆಗಾಲದಲ್ಲಿ 2 ಮೀಟರಿನ ಮೊಳೆ 31 ಮಿ.ಮೀ ಇಳಿದಿತ್ತು. ಅಕ್ಟೋಬರಿನಿಂದ ಮಾರ್ಚಿನವರೆಗೆ ಇಳಿದದ್ದು 6. ಆದರೆ 20 ಮೀಟರಿನ ಮೊಳೆ ಇಡೀ ವರ್ಷ ಕದಲಲಿಲ್ಲ.

ಜೇಡಿಯ ಮೇಲೆ ಹೊರಿಸಿದ ತಪ್ಪು

ನಮ್ಮ ಕಡೆ ರಸ್ತೆ ಕುಸಿದರೆ ‘ಗಜನಿ ಮಣ್ಣಲ್ವಾ, ಕುಸಿಯದೆ ಇರ್ತದಾ’ ಅಂತ ಎಲ್ಲರೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಸೇತುವೆಯ ಹಳೆ ಫೈಲಿನಲ್ಲಿ ಬೋರಿಂಗ್ ವರದಿ ಇತ್ತು. ಮೇಲೆ ಒಂದು ಮೀಟರ್ ಮರಳು, ಅದರ ಕೆಳಗೆ 4 ಮೀಟರ್ ಮೆತ್ತನೆ ಕಡಲ ಜೇಡಿ, ಆಮೇಲೆ ಪುಡಿ ಬಂಡೆ. ಇಂಥ ಜೇಡಿಯ ಮೇಲೆ ಮೂರು ಮೀಟರ್ ಮಣ್ಣು ಹೇರಿದರೆ ಅದು ಖಂಡಿತ ಕುಗ್ಗುತ್ತದೆ. ಪ್ರಶ್ನೆ ಇರುವುದು ಎಷ್ಟು ವರ್ಷ ಕುಗ್ಗುತ್ತದೆ ಅನ್ನುವುದರಲ್ಲಿ.

ಜೇಡಿ ಕುಗ್ಗಬೇಕಾದರೆ ಅದರೊಳಗಿನ ನೀರು ಹೊರಗೆ ಹೋಗಬೇಕು. ಇಲ್ಲಿ ಮೇಲೆ ಮರಳಿದೆ, ಕೆಳಗೆ ಪುಡಿ ಬಂಡೆ ಇದೆ. ನೀರಿಗೆ ಎರಡೂ ಕಡೆ ದಾರಿ. ಹಾಗಾಗಿ ನಡುವಿನ ನೀರು ಹೆಚ್ಚೆಂದರೆ 2 ಮೀಟರ್ ಸಾಗಿದರೆ ಸಾಕು. ಕುಗ್ಗುವ ವೇಗದ ಸಂಖ್ಯೆ ವರದಿಯಲ್ಲಿ ವರ್ಷಕ್ಕೆ 1 ಚದರ ಮೀಟರ್ ಅಂತ ಇತ್ತು. ನೂರಕ್ಕೆ 90 ಪಾಲು ಕುಗ್ಗಲು ಬೇಕಾದ ಕಾಲದ ಲೆಕ್ಕ ಹೀಗೆ, H ಅಂದರೆ ನೀರು ಸಾಗುವ ದೂರ, Cv ಅಂದರೆ ಆ ವೇಗದ ಸಂಖ್ಯೆ:

```
t = 0.848 × H² / Cv
t = 0.848 × 2² / 1 = 3.4
```

ಸುಮಾರು ಮೂರೂವರೆ ವರ್ಷ. ಲ್ಯಾಬಿನ ಸಂಖ್ಯೆ ತಪ್ಪಾಗಿ ವೇಗ ಅರ್ಧಕ್ಕೇ ಇದ್ದರೂ ಏಳು ವರ್ಷ. ಸೇತುವೆಗೆ 14 ತುಂಬಿದೆ. ಆಮೇಲೂ ಜೇಡಿ ಸ್ವಲ್ಪ ಸ್ವಲ್ಪ ತೆವಳುತ್ತದೆ, ಆದರೆ ಒಂದು ಮಳೆಗಾಲಕ್ಕೆ 31 ಮಿ.ಮೀ ಇಳಿಯುವುದಿಲ್ಲ. ಇನ್ನೊಂದು ಮಾತೂ ಇದೆ. ಜೇಡಿ ಕುಗ್ಗುವುದು ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಾ ಬರಬೇಕು. ಮಳೆಗಾಲ ಬಂದಾಗ ಓಡಿ, ಬೇಸಿಗೆಯಲ್ಲಿ ನಿಲ್ಲುವುದು ಅದರ ಗುಣ ಅಲ್ಲ. ಅದು ಸೋರಿಕೆಯ ಗುಣ.

ಕೆಂಪು ನೀರು

ಸೋರಿಕೆ ಎಲ್ಲಿ ಅಂತ ನನಗೆ ತೋರಿಸಿದ್ದು ಬಳಚು ಅನ್ನುವ ಚಿಪ್ಪು ಹೆಕ್ಕಲು ಬರುವ ಒಬ್ಬ ಅಕ್ಕ. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ನೀರು ಇಳಿದಾಗ ನಾನು ಹಳ್ಳಕ್ಕೆ ಇಳಿದು ಗೋಡೆ ನೋಡುತ್ತಿದ್ದೆ. ಮೊಣಕಾಲುದ್ದ ನೀರಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಅವರು ಕೇಳಿದರು:

‘ಎಂತ ಹುಡುಕ್ತೀಯ ತಮಾ?’

‘ಮಣ್ಣು ಎಲ್ಲಿಂದ ಹೋಗ್ತದೆ ಅಂತ ನೋಡ್ತಿದ್ದೆ ಅಕ್ಕ.’

‘ಆ ಬಿಲ ಉಂಟಲ್ಲ, ಅದರಲ್ಲಿ ಕೆಂಪು ನೀರು ಬೀಳ್ತದೆ. ನೀರು ಅರ್ಧ ಇಳಿದ ಮೇಲೆ ನೋಡು. ಅದರ ಮಗ್ಗುಲಿಂದರಲ್ಲೂ ಬೀಳ್ತದೆ. ಆಚೆ ದಡದ ಗೋಡೇಲಿ ತಿಳಿ ನೀರೇ ಬರ್ತದೆ.’

ಅವರು ಬಿಲ ಅಂದದ್ದು ವೀಪ್ ಹೋಲಿಗೆ. ಗೋಡೆಯ ಹಿಂದೆ ನಿಂತ ನೀರು ಹೊರಗೆ ಬರಲಿ ಅಂತ ಬಿಡುವ 100 ಮಿ.ಮೀ ಪೈಪುಗಳು. ಸುಮಾರು ಒಂದೊಂದು ಮೀಟರಿಗೆ ಒಂದರಂತೆ ಮೂರು ಸಾಲು ಇದ್ದವು. ಕೆಳಸಾಲು ಹಳ್ಳದ ತಳದಿಂದ 30 ಸೆಂ.ಮೀ ಮೇಲೆ. ಈ ಹಳ್ಳದಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಾನು ಅಳೆದ ವ್ಯತ್ಯಾಸ 1.2 ಮೀಟರ್. ಹಾಗಾಗಿ ಕೆಳಸಾಲು ದಿನಕ್ಕೆ ಎರಡು ಸಲ ಮುಳುಗಿ ಎರಡು ಸಲ ತೆರೆದುಕೊಳ್ಳುತ್ತದೆ. ಉಬ್ಬರದಲ್ಲಿ ನೀರು ಪೈಪಿನೊಳಗಿಂದ ಮಣ್ಣಿಗೆ ನುಗ್ಗುತ್ತದೆ, ಇಳಿತದಲ್ಲಿ ವಾಪಸ್ ಬರುತ್ತದೆ. ಬರುವಾಗ ಬರಿಗೈಯಲ್ಲಿ ಬರುತ್ತಿಲ್ಲ ಅಷ್ಟೇ.

ಮಾರನೇ ದಿನ ಹಳೆ ಬಿಳಿ ಪಂಚೆ ಹರಿದು ಕೆಳಸಾಲಿನ ಪ್ರತಿ ಪೈಪಿನ ಬಾಯಿಗೂ ಜೋಳಿಗೆ ಥರ ಕಟ್ಟಿದೆವು. ಒಂದು ಇಳಿತ ಪೂರ್ತಿ ಕಾದೆವು. 2, 3 ಮತ್ತು 5ನೇ ಪೈಪಿನ ಬಟ್ಟೆ ಚಿರೆಕಲ್ಲಿನ ಬಣ್ಣಕ್ಕೆ ತಿರುಗಿತು, ಒಳಗೆ ನುಣ್ಣನೆ ಮಣ್ಣು ಕೂತಿತ್ತು. ಒಣಗಿಸಿ ತೂಗಿದರೆ ಒಂದೊಂದರಲ್ಲಿ ಸುಮಾರು 250 ಗ್ರಾಂ. ಉಳಿದ ಬಟ್ಟೆಗಳು ಬೆಳ್ಳಗೇ ಇದ್ದವು.

ಒಂದು ಹಿಡಿ ಮಣ್ಣು ಅಂತ ಸುಮ್ನೆ ಬಿಡುವ ಹಾಗಿಲ್ಲ. ದಿನಕ್ಕೆ ಎರಡು ಇಳಿತ. ಆರು ತಿಂಗಳಿಗೆ ಒಂದು ಪೈಪಿನಿಂದ ಸುಮಾರು 90 ಕಿಲೋ. ಮೂರು ಪೈಪಿಗೆ 270 ಕಿಲೋ, ಅಂದರೆ ಸುಮಾರು 0.15 ಘನ ಮೀಟರ್. ಇನ್ನು ರಸ್ತೆ ಕಡೆಯಿಂದ ಲೆಕ್ಕ ಹಾಕೋಣ. ಅಕ್ಟೋಬರಿನಿಂದ ಮಾರ್ಚಿನವರೆಗೆ 6 ಮಿ.ಮೀ ಇಳಿದಿದೆ. 7 ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಬೋಗುಣಿ. ಅದು 0.1 ಘನ ಮೀಟರ್. ಎರಡೂ ಹೊಂದುತ್ತವೆ. ಈ ಲೆಕ್ಕ ಹೊಂದಿದ ಮೇಲೆಯೇ ಅಗೆಯುವ ಧೈರ್ಯ ಬಂದದ್ದು.

ಮಳೆಗಾಲದಲ್ಲಿ ಯಾಕೆ ಜಾಸ್ತಿ? ಅದಕ್ಕೆ ಇನ್ನೊಂದು ಪರೀಕ್ಷೆ. ಡಾಂಬರಿಗೂ ಗೋಡೆಗೂ ನಡುವೆ ಬೆರಳು ಹೋಗುವಷ್ಟು ಬಿರುಕಿತ್ತು. ಒಂದು 200 ಲೀಟರ್ ಡ್ರಮ್ಮಿನ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ಆ ಬಿರುಕಿಗೆ ಸುರಿದೆವು. ನಾಲ್ಕೇ ನಿಮಿಷದಲ್ಲಿ 3ನೇ ಪೈಪಿನಿಂದ ನೀಲಿ ನೀರು ಬಂತು. ದಮ್ಮಸು ಮಾಡಿದ ಮಣ್ಣಿನ ಮೂಲಕ ನೀರು ಮೂರು ಮೀಟರ್ ಇಳಿಯಲು ನಾಲ್ಕು ನಿಮಿಷ ಸಾಕಾಗುವುದಿಲ್ಲ. ಒಳಗೆ ಕೊಳವೆಯ ಹಾಗೆ ದಾರಿಯೇ ಆಗಿದೆ. ಮೇಲಾಗಿ ಸೇತುವೆಯ ಸ್ಲಾಬ್ ಈ ಕಡೆಗೇ ವಾಲಿದೆ. ಮೇಲೆ ಬಿದ್ದ ಮಳೆ ನೀರೆಲ್ಲ ಇದೇ ಬಿರುಕಿಗೆ ಬಂದು ಬೀಳುತ್ತದೆ.

ಅಗೆದಾಗ ಸಿಕ್ಕಿದ್ದು

ಏಪ್ರಿಲ್ 20. ಪಂಚಾಂಗ ನೋಡಿ ಅಷ್ಟಮಿಯ ಆಸುಪಾಸಿಗೆ ಆಳದ ಕೆಲಸ ಬರುವ ಹಾಗೆ ದಿನ ಇಟ್ಟುಕೊಂಡೆವು. ಆಗ ಉಬ್ಬರ ಕಡಿಮೆ, ಗುಂಡಿಯ ತಳಕ್ಕೆ ನೀರು ಹೆಚ್ಚು ಏರುವುದಿಲ್ಲ. ಬಸ್ಸು, ಲಾರಿಗಳನ್ನು ಬೇರೆ ದಾರಿಗೆ ತಿರುಗಿಸಿದೆವು. ಬೈಕು, ರಿಕ್ಷಾ, ಕಾರುಗಳಿಗೆ ಅರ್ಧ ರಸ್ತೆ ಬಿಟ್ಟು ಇನ್ನರ್ಧ ಅಗೆದೆವು.

ಮೇಲಿನ ಡಾಂಬರನ್ನು ಕತ್ತರಿಸಿದ ಅಂಚು ನೋಡಿ ನಮ್ಮ ಮೇಸ್ತ್ರಿ ಕರೆದರು. ಗೋಡೆಯ ಹತ್ತಿರ ಡಾಂಬರು 260 ಮಿ.ಮೀ ದಪ್ಪ ಇತ್ತು. ಐದು ಪದರ, ಒಂದರ ಮೇಲೊಂದು ದೋಸೆ ಪೇರಿಸಿದ ಹಾಗೆ ಬೇರೆ ಬೇರೆಯಾಗಿ ಕಾಣುತ್ತಿದ್ದವು. 12 ಮೀಟರ್ ದೂರದಲ್ಲಿ ಬರೀ 75. ಅಂದರೆ 185 ಮಿ.ಮೀ ಇಳಿದದ್ದನ್ನು ಡಾಂಬರಿನಲ್ಲೇ ತುಂಬಿದ್ದಾರೆ. ಅದರ ಮೇಲೆ ಹೋದ ಮೇ ತಿಂಗಳಲ್ಲಿ ಕಂಡ 85, ಆಮೇಲೆ ಇಳಿದ 37. ಒಟ್ಟು 307 ಮಿ.ಮೀ ರಸ್ತೆ ಕೆಳಗೆ ಹೋಗಿದೆ. ಆ ಹೆಚ್ಚುವರಿ ಡಾಂಬರಿನ ಭಾರವೇ ಒಂದು ಚದರ ಮೀಟರಿಗೆ 425 ಕಿಲೋ ಆಗುತ್ತದೆ. ಟೊಳ್ಳಿನ ಮೇಲೆ ಪ್ರತಿ ವರ್ಷ ಭಾರ ಹೇರಿದ್ದೇ ಬಂತು.

ಡಾಂಬರು ಎತ್ತಿದಾಗ ಕೆಳಗೆ ಅಂಗೈ ಅಗಲದ ಗಾಳಿ ಇತ್ತು. ಮೊಣಕೈವರೆಗೆ ಕೈ ಹಾಕಿದೆ, ಏನೂ ತಾಗಲಿಲ್ಲ. ಕೈ ತೆಗೆದ ಮೇಲೆ ಒಂದು ಏಡಿ ಹೊರಗೆ ಬಂತು. ಹಳ್ಳದಿಂದ ಪೈಪಿನೊಳಗೆ ಹತ್ತಿ, ಮೂರು ಮೀಟರ್ ಮೇಲೆ ರಸ್ತೆಯ ಅಡಿಗೇ ಅದು ಬಂದಿತ್ತು. ಬಸ್ಸು ಓಡಾಡುತ್ತಿದ್ದದ್ದು ಆ ಡಾಂಬರಿನ ಹಪ್ಪಳದ ಮೇಲೆ. ಅವತ್ತು ನನಗೆ ನಿಜವಾಗಿ ಹೆದರಿಕೆ ಆಯಿತು.

ಕೆಳಗೆ ಹೋದಂತೆ ಕಾರಣ ಬಿಡಿಸಿಕೊಂಡಿತು. ಗೋಡೆಯ ಬೆನ್ನಿಗೆ ನೀರು ಸೋಸಲು 60 ಸೆಂ.ಮೀ ದಪ್ಪದ ಫಿಲ್ಟರ್ ಇರಬೇಕು. ಗೋಡೆಯ ಕಡೆ ದೊಡ್ಡ ಕಲ್ಲು, ಮಣ್ಣಿನ ಕಡೆಗೆ ಬಂದಂತೆ ಸಣ್ಣದು. ಇಲ್ಲಿ ತೆಂಗಿನಕಾಯಿ ಗಾತ್ರದ ಕರಿಕಲ್ಲು ಪೇರಿಸಿ, ಅದಕ್ಕೆ ನೇರವಾಗಿ ಕೆಂಪು ಮಣ್ಣು ಸುರಿದಿದ್ದರು. ನಡುವೆ ಜಲ್ಲಿಯೂ ಇಲ್ಲ, ಮರಳೂ ಇಲ್ಲ. ಕಲ್ಲಿನ ಸಂದಿಗಳೆಲ್ಲ ಖಾಲಿ.

ಗೋಡೆಯಿಂದ ಒಂದು ಮೀಟರಿನೊಳಗೆ ಮಣ್ಣು ಹೆಂಟೆ ಹೆಂಟೆಯಾಗಿಯೇ ಇತ್ತು. ದೊಡ್ಡ ರೋಲರ್ ಗೋಡೆಗೆ ಅಷ್ಟು ಹತ್ತಿರ ಬರುವುದಿಲ್ಲ, ಸಣ್ಣ ಯಂತ್ರ ಆಗ ತಂದಿಲ್ಲ. ಅಗೆಯುವ ಮೊದಲೇ ಕೋನ್ ಪರೀಕ್ಷೆಯಲ್ಲಿ ಇದರ ಸುಳಿವು ಸಿಕ್ಕಿತ್ತು. 8 ಕಿಲೋ ಸುತ್ತಿಗೆ 575 ಮಿ.ಮೀ ಎತ್ತರದಿಂದ ಬೀಳಿಸಿ ಕಬ್ಬಿಣದ ಮೊನೆ ಎಷ್ಟು ಇಳಿಯುತ್ತದೆ ಅಂತ ನೋಡುವ ಸಲಕರಣೆ ಅದು. 10 ಮೀಟರ್ ದೂರದಲ್ಲಿ ಒಂದು ಏಟಿಗೆ 9 ಮಿ.ಮೀ ಇಳಿದರೆ, ಗೋಡೆಯ ಹತ್ತಿರ 50 ಇಳಿಯುತ್ತಿತ್ತು.

ಇನ್ನೊಂದು ಸಿಕ್ಕಿತು, ನೋಡಿ ಬೇಜಾರಾಯಿತು. ಗೋಡೆಯ ಬೆನ್ನಿನಲ್ಲಿ ಅಪ್ರೋಚ್ ಸ್ಲಾಬ್, ಅಂದರೆ ಗೋಡೆಯಿಂದ ರಸ್ತೆಯ ಮಣ್ಣಿನ ಮೇಲೆ ಚಾಚುವ ಕಾಂಕ್ರೀಟ್ ಹಾಸು ಕೂರಿಸಲು 30 ಸೆಂ.ಮೀ ಅಗಲದ ಕಾಂಕ್ರೀಟ್ ಬ್ರಾಕೆಟ್ ಇತ್ತು. ಸ್ಲಾಬ್ ಮಾತ್ರ ಇರಲಿಲ್ಲ. ನಕ್ಷೆ ಮಾಡಿದವರು ಯೋಚಿಸಿದ್ದರು, ಕಟ್ಟುವಾಗ ಕೈಬಿಟ್ಟಿದ್ದಾರೆ.

ಒಂದೂವರೆ ಮೀಟರ್ ಆಳ ದಾಟಿದ ಮೇಲೆ ಗುಂಡಿಯ ಬದಿ ಕುಸಿಯದ ಹಾಗೆ ಆನಿಕೆ ಕೊಡುವ ಶೋರಿಂಗ್ ಇಲ್ಲದೆ ಯಾರನ್ನೂ ಕೆಳಗೆ ಇಳಿಸಲಿಲ್ಲ. ಓಡಾಟ ಇರುವ ಅರ್ಧದ ಕಡೆ ಕಬ್ಬಿಣದ ಚಾನೆಲ್ ಹೊಡೆದು ಹಲಗೆ ಕೊಟ್ಟೆವು. ರಸ್ತೆಯುದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅಗೆದೆವು, ಮೇಲೆ 5 ಮೀಟರ್ ಉದ್ದ, ತಳದಲ್ಲಿ ಒಂದೂವರೆ. ಮೆಟ್ಟಿಲು ಬರೀ ಸುರಕ್ಷತೆಗೆ ಅಲ್ಲ. ಹೊಸ ಮಣ್ಣು ಹಳೆಯದರ ಜೊತೆ ಕಚ್ಚಿಕೊಳ್ಳಬೇಕಾದರೆ ಜಾರುವ ಇಳಿಜಾರಿಗಿಂತ ಮೆಟ್ಟಿಲೇ ಒಳ್ಳೆಯದು.

ಫಿಲ್ಟರ್

ಇಡೀ ರಿಪೇರಿಯ ಜೀವ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಫಿಲ್ಟರ್ ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು. ಅದಕ್ಕೆ ಹಳೆಯ ಒಂದು ನಿಯಮ ಇದೆ. ಮಣ್ಣನ್ನು ಜರಡಿ ಹಿಡಿದು, ತೂಕದಲ್ಲಿ ನೂರಕ್ಕೆ 85 ಪಾಲು ಯಾವ ಕಣ್ಣಿನಿಂದ ಇಳಿಯುತ್ತದೆ ಅಂತ ನೋಡಬೇಕು. ಫಿಲ್ಟರಿನಲ್ಲಿ ನೂರಕ್ಕೆ 15 ಪಾಲು ಯಾವ ಕಣ್ಣಿನಿಂದ ಇಳಿಯುತ್ತದೆ ಅಂತ ನೋಡಬೇಕು. ಈ ಎರಡನೆಯದು ಮೊದಲನೆಯದರ ಐದು ಪಟ್ಟು ಮೀರಬಾರದು. ಮೀರಿದರೆ ಮಣ್ಣಿನ ದಪ್ಪ ಕಣಗಳೂ ಸಂದಿಯಲ್ಲಿ ನುಸುಳುತ್ತವೆ, ಅವುಗಳ ಹಿಂದೆ ಸಣ್ಣವೆಲ್ಲ ಓಡಿಹೋಗುತ್ತವೆ.

ನಮ್ಮ ಕೆಂಪು ಮಣ್ಣಿನ ಆ ಅಳತೆ 2 ಮಿ.ಮೀ ಬಂತು. ಹಳೆ ಕರಿಕಲ್ಲಿನದು ಸುಮಾರು 100. ಐವತ್ತು ಪಟ್ಟು! ಇರಬೇಕಾದ್ದು ಐದರೊಳಗೆ. ಈ ಗೋಡೆಯ ಹಿಂದೆ ಮಣ್ಣು ನಿಲ್ಲುವುದಕ್ಕೆ ಸಾಧ್ಯವೇ ಇರಲಿಲ್ಲ.

ಹೊಸದನ್ನು ಮೂರು ಪಟ್ಟಿ ಮಾಡಿದೆವು, ಒಂದೊಂದು 20 ಸೆಂ.ಮೀ. ಮಣ್ಣಿಗೆ ತಾಗಿ ದಪ್ಪ ಮರಳು, ಅದರ ಮಗ್ಗುಲಿಗೆ 12 ಮಿ.ಮೀ ಜಲ್ಲಿ, ಗೋಡೆಗೆ ತಾಗಿ 40 ಮಿ.ಮೀ ಜಲ್ಲಿ. ಒಂದೊಂದು ಪಟ್ಟಿಯನ್ನೂ ಪಕ್ಕದ್ದರ ಜೊತೆ ಅದೇ ನಿಯಮದಲ್ಲಿ ನೋಡಿದೆ. ಮರಳು ಮತ್ತು ಸಣ್ಣ ಜಲ್ಲಿ ಎರಡೂವರೆ ಪಟ್ಟು, ಸಣ್ಣ ಜಲ್ಲಿ ಮತ್ತು ದೊಡ್ಡ ಜಲ್ಲಿ ಎರಡು ಪಟ್ಟು. ಪೈಪಿನ ಬಾಯಿಯ ಹಿಂದೆ ಮಾತ್ರ ದಪ್ಪ ಕಲ್ಲನ್ನು ಕೈಯಿಂದ ಜೋಡಿಸಿ, ಅದರ ಮೇಲೆ ಪ್ಲಾಸ್ಟಿಕ್ ಬಲೆ ಇಟ್ಟೆವು. ಕಬ್ಬಿಣದ ಬಲೆ ಬೇಡ ಅಂದೆ. ಉಪ್ಪುನೀರಿನಲ್ಲಿ ಅದು ಎಷ್ಟು ದಿನ ಬಾಳೀತು?

20 ಸೆಂ.ಮೀ ಪಟ್ಟಿ ಮೂರನ್ನು ಒಂದಕ್ಕೊಂದು ಬೆರೆಯದ ಹಾಗೆ ಮೇಲೆ ತರುವುದು ಕಷ್ಟ. ಅದಕ್ಕೆ ಉಪಾಯ ಹೇಳಿದ್ದು ಮೇಸ್ತ್ರಿ. ಎರಡು ಜಿಂಕ್ ಶೀಟ್ ಅಡ್ಡಕ್ಕೆ ನಿಲ್ಲಿಸಿದರು. ಮೂರು ಸಂದಿಗೂ ಒಟ್ಟಿಗೇ ಬುಟ್ಟಿಯಲ್ಲಿ ಸುರಿಸಿದರು. 30 ಸೆಂ.ಮೀ ತುಂಬಿದ ಮೇಲೆ ಶೀಟನ್ನು ಅಲ್ಲಾಡಿಸುತ್ತಾ ಅಷ್ಟೇ ಮೇಲೆ ಎಳೆದರು. ತೆಗೆದ ಜಾಗದಲ್ಲಿ ಪಟ್ಟಿ ನೆಟ್ಟಗೆ ನಿಂತಿತ್ತು. ಒಂದು ಸಲ ಅವಸರಕ್ಕೆ ಮರಳಿನ ಬುಟ್ಟಿಯನ್ನು ದೊಡ್ಡ ಜಲ್ಲಿಗೆ ಸುರಿದುಬಿಟ್ಟರು. ಅಷ್ಟನ್ನೂ ಕೈಯಲ್ಲಿ ತೆಗೆಸಿ ಮತ್ತೆ ಹಾಕಿಸಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಏಡಿಯನ್ನು ಎಲ್ಲರೂ ನೋಡಿದ್ದರಲ್ಲ.

ಮಣ್ಣು ತುಂಬಿದ್ದು, ಕಿತ್ತಿದ್ದು, ಮತ್ತೆ ತುಂಬಿದ್ದು

ಫಿಲ್ಟರ್ ಏರಿದ ಹಾಗೆಯೇ ಹಿಂದಿನ ಮಣ್ಣೂ ಏರಬೇಕು. ಮರಳು ಮಿಶ್ರಿತ ಮುರ್ರಂ ತರಿಸಿದ್ದೆವು. ಮೊದಲ ಪದರ 15 ಸೆಂ.ಮೀ ಹರಡಿ ಪ್ಲೇಟ್ ಕಂಪ್ಯಾಕ್ಟರ್ ಓಡಿಸಿದೆವು. ಮೇಲಿಂದ ನೋಡಲು ಗಟ್ಟಿಯಾಗಿ, ಚಂದ ಇತ್ತು. ಗುಂಡಿ ತೋಡಿ ಮರಳು ತುಂಬಿ ಸಾಂದ್ರತೆ ನೋಡಿದರೆ ಒಣ ತೂಕ ಒಂದು ಘನ ಸೆಂ.ಮೀಗೆ 1.71 ಗ್ರಾಂ. ಲ್ಯಾಬಿನಲ್ಲಿ ಸಿಕ್ಕ ಗರಿಷ್ಠ 1.90. ಅಂದರೆ ನೂರಕ್ಕೆ 90. ನಮಗೆ ಬೇಕಿದ್ದದ್ದು 97.

ಎರಡು ತಪ್ಪಾಗಿತ್ತು. ಹಿಂದಿನ ರಾತ್ರಿ ಒಂದು ಬೇಸಿಗೆ ಮಳೆ ಬಿದ್ದಿತ್ತು, ರಾಶಿಗೆ ತಾಡಪಾಲು ಹೊದೆಸಿರಲಿಲ್ಲ. ಮಣ್ಣಿನಲ್ಲಿ ನೀರು ನೂರಕ್ಕೆ 16 ಇತ್ತು, ಇರಬೇಕಾದ್ದು 12. ಎರಡನೆಯದು, 90 ಕಿಲೋ ಯಂತ್ರದ ಏಟು 15 ಸೆಂ.ಮೀ ಕೆಳಗೆ ಮುಟ್ಟುವುದಿಲ್ಲ. ಗುಂಡಿಯ ಮೇಲರ್ಧ ಗಟ್ಟಿ, ಕೆಳಗರ್ಧ ಬೆರಳಿಗೇ ಪುಡಿಯಾಗುತ್ತಿತ್ತು.

ಪದರ ಪೂರ್ತಿ ತೆಗೆಸಿದೆ. ಮಣ್ಣನ್ನು ರಸ್ತೆ ಬದಿಗೆ ಹರಡಿ ಒಂದು ದಿನ ಬಿಸಿಲಿಗೆ ಬಿಟ್ಟೆವು. ಆಮೇಲೆ 10 ಸೆಂ.ಮೀ ಪದರ ಮಾಡಿ, ಪ್ರತಿ ಜಾಗಕ್ಕೂ ಯಂತ್ರ ಆರು ಸಲ ಓಡಿಸಿದೆವು. ಈಗ 1.85 ಬಂತು, 97. ಮುಂದೆ ಎಲ್ಲ ಪದರಕ್ಕೂ ಅದೇ ರೀತಿ. ಎರಡೂಮುಕ್ಕಾಲು ಮೀಟರ್ ಏರಲು ಅಂದುಕೊಂಡದ್ದಕ್ಕಿಂತ ನಾಲ್ಕು ದಿನ ಜಾಸ್ತಿ ಹಿಡಿಯಿತು.

ಸ್ಲಾಬ್

ಅಪ್ರೋಚ್ ಸ್ಲಾಬ್ ಕನಿಷ್ಠ ಮೂರೂವರೆ ಮೀಟರ್ ಇರಬೇಕು ಅಂತ ನಿಯಮ. ನಾವು 4 ಮಾಡಿದೆವು. ಹೊಸ ಮಣ್ಣು ಎಷ್ಟೇ ದಮ್ಮಸು ಮಾಡಿದರೂ ಮುಂದೆ ಸ್ವಲ್ಪ ಕೂರುತ್ತದೆ. 20 ಮಿ.ಮೀ ಕೂತರೂ 200ಕ್ಕೆ 1ರ ಒಳಗೆ ಇರಬೇಕಾದರೆ 4 ಮೀಟರ್ ಉದ್ದ ಬೇಕು. ಅಷ್ಟೇ ಲೆಕ್ಕ.

ಕೆಳಗೆ 15 ಸೆಂ.ಮೀ ಎಂ15 ಬೆಡ್, ಮೇಲೆ 30 ಸೆಂ.ಮೀ ಎಂ30 ಕಾಂಕ್ರೀಟ್. ಮೇಲೆ ಕೆಳಗೆ ಎರಡೂ ಕಡೆ, ಉದ್ದಕ್ಕೂ ಅಡ್ಡಕ್ಕೂ 12 ಮಿ.ಮೀ ಕಂಬಿ, 15 ಸೆಂ.ಮೀಗೆ ಒಂದು. ಬ್ರಾಕೆಟ್ ಮೇಲೆ ಟಾರ್ ಫೆಲ್ಟ್ ಹಾಸಿ ಸ್ಲಾಬನ್ನು ಸುಮ್ನೆ ಕೂರಿಸಿದೆವು, ಗೋಡೆಗೆ ಬಿಗಿಯಲಿಲ್ಲ. ಆಚೆ ತುದಿ ಇಳಿದರೆ ಈ ತುದಿ ಬಾಗಿಲಿನ ಹಾಗೆ ತಿರುಗಬೇಕು. ಬಿಗಿದರೆ ಬ್ರಾಕೆಟ್ಟಿನ ಹತ್ತಿರವೇ ಒಡೆಯುತ್ತದೆ. ಗೋಡೆಗೂ ಸ್ಲಾಬಿಗೂ ನಡುವೆ 20 ಮಿ.ಮೀ ಫಿಲ್ಲರ್ ಬೋರ್ಡ್, ಮೇಲೆ ಸೀಲಂಟ್. ನೀಲಿ ನೀರು ಇಳಿದ ದಾರಿ ಇದೇ ಆದ್ದರಿಂದ ಸೀಲಂಟನ್ನು ನಾನೇ ನಿಂತು ಹಾಕಿಸಿದೆ.

ಸ್ಲಾಬ್ ಒಂದನ್ನೇ ಹಾಕಿ ಫಿಲ್ಟರ್ ಬಿಟ್ಟಿದ್ದರೆ ಜಂಪ್ ಹೋಗುತ್ತಿತ್ತು. ಅದೇ ಭಯದ ಸಂಗತಿ. ಸ್ಲಾಬ್ ಮಣ್ಣಿನ ಮೇಲೆ ಕೂರಲಿ ಅಂತ ಮಾಡಿದ್ದು, ಟೊಳ್ಳಿನ ಮೇಲೆ ಇನ್ನೊಂದು ಸೇತುವೆಯಾಗಿ ನಿಲ್ಲಲಿ ಅಂತ ಅಲ್ಲ. ಅಡಿಯಲ್ಲಿ ಮಣ್ಣು ಸೋರುತ್ತಲೇ ಇದ್ದರೂ ಮೇಲೆ ರಸ್ತೆ ಚಪ್ಪಟೆಯಾಗಿಯೇ ಕಾಣುತ್ತದೆ, ಒಂದು ದಿನ ಲಾರಿಯ ಚಕ್ರದಡಿ ಮುರಿಯುವವರೆಗೆ.

ಇನ್ನರ್ಧ ರಸ್ತೆಯ ಕೆಲಸ ಮೇ 9ಕ್ಕೆ ಶುರುವಾಯಿತು. ಅದೇ ಕ್ರಮ, ಹೇಳುವಂಥದ್ದು ಏನಿಲ್ಲ. ಎರಡು ಅರ್ಧಕ್ಕೂ ನಡುವೆ ಅವನ್ನು ಹಿಡಿದಿಡುವ ಟೈ ಬಾರ್ ಕಂಬಿ ಕೊಟ್ಟೆವು. ಬಸ್ಸು ಬಿಟ್ಟದ್ದು ಜೂನ್ 2ರಂದು. ಅದಕ್ಕೆ ಮೊದಲು ಸೇತುವೆ ಮೇಲಿನ ನೀರು ಹೋಗಲು ಕರ್ಬಿನಲ್ಲಿ ಬಾಯಿ ಬಿಟ್ಟು, ಅಬಟ್ಮೆಂಟಿನ ಬದಿಯ ರೆಕ್ಕೆಗೋಡೆ ವಿಂಗ್ ವಾಲ್ ಪಕ್ಕದ ಇಳಿಜಾರಿಗೆ ಕರಿಕಲ್ಲಿನ ಚರಂಡಿ ಕಟ್ಟಿದೆವು. ಆಚೆ ದಡದ ಅಬಟ್ಮೆಂಟಿನಲ್ಲಿ ತಿಳಿ ನೀರೇ ಬರುತ್ತಿದ್ದದ್ದರಿಂದ ಅಲ್ಲಿ ಬಿರುಕು ಮಾತ್ರ ಮುಚ್ಚಿದೆವು.

ಮಳೆಗಾಲ

ಜೂನ್ 20. ಪೈಪಿಗೆ ಬಟ್ಟೆ ಕಟ್ಟಿದೆ. ಮೂರರಲ್ಲೂ ಸ್ವಲ್ಪ ಮಸುಕು ನೀರು, ಬಟ್ಟೆಯಲ್ಲಿ ಒಂದು ಚಮಚದಷ್ಟು ಹುಡಿ. ಕೆಂಪಲ್ಲ, ಬೂದು ಬಣ್ಣ. ಜಲ್ಲಿಯ ಧೂಳು. ಹೊಸ ಫಿಲ್ಟರ್ ಮೊದಲಿಗೆ ತನ್ನ ಧೂಳು ತೊಳೆದುಕೊಳ್ಳುತ್ತದೆ, ಅದು ನಿಲ್ಲಬೇಕು.

ಜುಲೈ 18. ಮಳೆ ಜೋರು, ಹಳ್ಳ ಪೂರ್ತಿ ತುಂಬಿದೆ. ಇಳಿತಕ್ಕೆ ಕಾದು ಬಟ್ಟೆ ಕಟ್ಟಿದೆವು. ಬೆಳ್ಳಗೆ ಬಂತು. ಸ್ಲಾಬಿನ ಆಚೆ ತುದಿ 4 ಮಿ.ಮೀ ಇಳಿದಿದೆ.

ಆಗಸ್ಟ್ 23. ಆಚೆ ತುದಿ 6. ಸುತ್ತಿಗೆಯಿಂದ ಸ್ಲಾಬ್ ತಟ್ಟುತ್ತಾ ಹೋದೆ. ಎಲ್ಲೂ ಟೊಳ್ಳು ಸದ್ದಿಲ್ಲ.

ಅಕ್ಟೋಬರ್ 11. ಆಚೆ ತುದಿ 6, ಮುಂದಕ್ಕೆ ಹೋಗಿಲ್ಲ. 4 ಮೀಟರಿಗೆ 6 ಮಿ.ಮೀ ಅಂದರೆ ಸುಮಾರು 667ಕ್ಕೆ 1. 20 ಮೀಟರಿನ ಮೊಳೆ ಇದ್ದಲ್ಲೇ ಇದೆ. 5ನೇ ಪೈಪಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹಿಂಡುವಾಗ ಬಳಚಿನ ಅಕ್ಕ ಬುಟ್ಟಿ ಇಳಿಸಿ ಬಂದು ನೋಡಿದರು. ‘ಈಗ ತಿಳಿಯಾಯ್ತಲ್ಲ ತಮಾ’ ಅಂದರು. ಮುಂದಿನ ಅಳತೆ ಮಾರ್ಚಿನಲ್ಲಿ.